ಬಾಗಿಲಲ್ಲಿ ನಿಂತು ಎಣಿಸುವ ಕ್ಯಾಮೆರಾ: ಜೇನುಪೆಟ್ಟಿಗೆಯ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಸ್ತ ಬಹಾರದ ದಾಳಿಂಬೆ ಹೂ ಬಿಡುವ ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ತೋಟದ ಬದುವಿನ ಮೇಲೆ ಜೇನುಪೆಟ್ಟಿಗೆ ಇಡಿಸುವವರಿದ್ದಾರೆ. ಅವರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ದಿನದ ಯಾವ ಹೊತ್ತಿನಲ್ಲಿ ನೊಣಗಳು ಹೆಚ್ಚಾಗಿ ಹೊರಗಿರುತ್ತವೆ? ಔಷಧ ಹೊಡೆದ ದಿನ ಎಷ್ಟು ನೊಣಗಳು ಮರಳಿ ಬರಲಿಲ್ಲ? ಪೆಟ್ಟಿಗೆಯ ಬಾಗಿಲಿಗೆ ಒಂದು ಕ್ಯಾಮೆರಾ ಕಟ್ಟಿ, ಕಂಪ್ಯೂಟರಿನಿಂದ ಒಳಹೋದವನ್ನೂ ಹೊರಬಂದವನ್ನೂ ಎಣಿಸಿದರೆ ಎರಡಕ್ಕೂ ಉತ್ತರ ಸಿಕ್ಕೀತು ಎಂದು ತೋರುತ್ತದೆ. ಮೊದಲ ಪ್ರಶ್ನೆಗೆ ನಿಜವಾಗಿಯೂ ಸಿಗುತ್ತದೆ, ಅದೂ ಕೈಯಲ್ಲಿರುವ ಮೊಬೈಲಿನಿಂದಲೇ. ಎರಡನೆಯದಕ್ಕೆ ಸಿಗುವುದು ಬಹುತೇಕ ಸುಳ್ಳು ಉತ್ತರ. ಒಂದೇ ವಿಡಿಯೊ, ಒಂದೇ ಎಣಿಕೆ ಹೀಗೆ ಎರಡು ಬಗೆಯಾಗಿ ನಡೆದುಕೊಳ್ಳುವುದೇಕೆ ಎಂಬುದು ತಿಳಿದರೆ ಈ ವಿದ್ಯೆಯ ತಿರುಳು ತಿಳಿದಂತೆ.

ಮೊದಲು ಎಣಿಕೆ ಎಂದರೇನು ಎಂಬುದನ್ನು ನೋಡೋಣ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದಿನ ಗುಡಿಯ ಮುಂದಿನ ಜನರ ಫೋಟೊ ತೆಗೆದರೆ ಆ ಕ್ಷಣ ಅಲ್ಲಿ ಎಷ್ಟು ಮಂದಿ ಇದ್ದರು ಎಂಬುದು ಗೊತ್ತಾಗುತ್ತದೆ. ಬೆಳಗಿನಿಂದ ಎಷ್ಟು ಮಂದಿ ಒಳಗೆ ಹೋದರು ಎಂಬುದು ಗೊತ್ತಾಗುವುದಿಲ್ಲ. ಅರ್ಧ ಗಂಟೆ ಅಲ್ಲೇ ನಿಂತವನು ಪ್ರತಿ ಫೋಟೊದಲ್ಲೂ ಸಿಗುತ್ತಾನೆ, ಓಡಿ ಒಳಗೆ ಹೋದವನು ಒಂದರಲ್ಲೂ ಸಿಗದಿರಬಹುದು. ವಿಡಿಯೊ ಎಂದರೆ ಸೆಕೆಂಡಿಗೆ 30 ಅಥವಾ 60 ಫೋಟೊಗಳ ಸಾಲು; ಅಂಥ ಒಂದೊಂದು ಫೋಟೊಗೂ ಚೌಕಟ್ಟು ಎಂದು ಹೆಸರು. ಪ್ರತಿ ಫೋಟೊದಲ್ಲಿ ನೊಣ ಎಲ್ಲಿದೆ ಎಂದು ಗುರುತಿಸುವುದು ಒಂದು ಕೆಲಸ. ಈ ಫೋಟೊದಲ್ಲಿರುವ ನೊಣವೇ ಹಿಂದಿನ ಫೋಟೊದಲ್ಲಿಯೂ ಇತ್ತು ಎಂದು ಜೋಡಿಸಿ, ಅದರ ಜಾಡನ್ನು ಬಾಗಿಲವರೆಗೆ ಅಥವಾ ಬಾಗಿಲಿನಿಂದ ಹೊರಗಿನವರೆಗೆ ಹಿಡಿಯುವುದು ಇನ್ನೊಂದು ಕೆಲಸ. ಹೆಚ್ಚಿನವರು ಮೊದಲನೆಯದನ್ನೇ ಕಷ್ಟವೆಂದು ಭಾವಿಸುತ್ತಾರೆ. ಎಣಿಕೆ ಕೆಡುವುದು ಎರಡನೆಯದರಲ್ಲಿ.

ಗುರುತಿಸುವ ಕೆಲಸ ಸುಲಭ ಏಕೆಂದರೆ ಕ್ಯಾಮೆರಾ ಅಲುಗಾಡುವುದಿಲ್ಲ. ಅಲುಗಾಡದ ಕ್ಯಾಮೆರಾಗೆ ಬಾಗಿಲ ಮುಂದೆ ನೊಣಗಳು ಬಂದಿಳಿಯುವ ಹಲಗೆ, ಪೆಟ್ಟಿಗೆ, ನೆಲ ಎಲ್ಲವೂ ಒಂದೇ ಸಮನಾಗಿ ಕಾಣುತ್ತವೆ. ಕಳೆದ ಕೆಲವು ನೂರು ಚೌಕಟ್ಟುಗಳನ್ನು ನೋಡಿ ಚಿತ್ರದ ಪ್ರತಿ ಚುಕ್ಕೆಯ ವಾಡಿಕೆಯ ಬಣ್ಣವನ್ನು ಕಂಪ್ಯೂಟರ್ ಕಲಿಯುತ್ತದೆ. ಆ ವಾಡಿಕೆಯಿಂದ ದೂರ ಸರಿದ ಚುಕ್ಕೆಗಳ ಗುಂಪೇ ನೊಣ. ಇದಕ್ಕೆ ಹಿನ್ನೆಲೆ ಕಳೆಯುವುದು ಎನ್ನುತ್ತಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ `OpenCV` ಎಂಬ ತಂತ್ರಾಂಶ ಭಂಡಾರದಲ್ಲಿ ಅದು ಕೆಲವೇ ಸಾಲುಗಳ ಕೆಲಸ:

```python
import cv2
cap = cv2.VideoCapture("pettige.mp4")
bg = cv2.createBackgroundSubtractorMOG2(detectShadows=True)
while True:
    ok, frame = cap.read()
    if not ok:
        break
    mask = bg.apply(frame)
    _, mask = cv2.threshold(mask, 200, 255, cv2.THRESH_BINARY)
    n, lab, stats, centres = cv2.connectedComponentsWithStats(mask)
```

ಇಲ್ಲಿ `200` ಎಂಬ ಅಂಕಿಗೆ ಕಾರಣವಿದೆ. ಈ ವಿಧಾನವು ನೊಣ ಎಂದು ಕಂಡದ್ದಕ್ಕೆ 255 ಎಂಬ ಬೆಲೆಯನ್ನೂ, ನೆರಳು ಎಂದು ಕಂಡದ್ದಕ್ಕೆ 127 ಎಂಬ ಬೆಲೆಯನ್ನೂ ಕೊಡುತ್ತದೆ. 200ರ ಕೆಳಗಿನದನ್ನೆಲ್ಲ ಅಳಿಸಿದರೆ ನೆರಳು ಹೋಗಬೇಕು. ಆದರೆ ನಮ್ಮ ಕಡೆಯ ಬಿಸಿಲಿನಲ್ಲಿ ಬಿಳಿ ಹಲಗೆಯ ಮೇಲೆ ಬೀಳುವ ನೊಣದ ನೆರಳು ನೊಣದಷ್ಟೇ ಕಪ್ಪಾಗಿರುತ್ತದೆ. ಅದನ್ನು ನೆರಳೆಂದು ಗುರುತಿಸುವುದು ತಂತ್ರಾಂಶಕ್ಕೆ ಸಾಧ್ಯವಾಗುವುದಿಲ್ಲ. ನೊಣ ಹಲಗೆಯ ಮೇಲೆ ಕುಳಿತಾಗ ನೆರಳು ಅದಕ್ಕೆ ಅಂಟಿಕೊಂಡಿರುತ್ತದೆ, ಹಾರುವಾಗ ಬೇರೆಯಾಗಿ ಇನ್ನೊಂದು ನೊಣದಂತೆ ಓಡುತ್ತದೆ. ಹೀಗೆ ಒಂದು ನೊಣ ಎರಡಾಗುತ್ತದೆ. ಇದಕ್ಕೆ ಪರಿಹಾರವನ್ನು ಕಂಪ್ಯೂಟರಿನಲ್ಲಿ ಹುಡುಕುವುದಕ್ಕಿಂತ ತೋಟದಲ್ಲೇ ಮಾಡುವುದು ಲೇಸು. ಬಾಗಿಲು ಮತ್ತು ಹಲಗೆಯ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಬಿಳಿಯ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಕಟ್ಟಿದರೆ ಬಿಸಿಲು ಸೋಸಿ ಸಮವಾಗಿ ಬೀಳುತ್ತದೆ, ಗಡುಸಾದ ನೆರಳು ಮಾಯವಾಗುತ್ತದೆ. ತೂತುಗಳಿರುವ ಹಸಿರು ನೆರಳುಪರದೆ ಬೇಡ. ಗಾಳಿಗೆ ಅದು ಆಡಿದಂತೆ ಬೆಳಕಿನ ಚುಕ್ಕೆಗಳೂ ಆಡುತ್ತವೆ. ಬೇವಿನ ಮರದ ಕೆಳಗೆ ಇಟ್ಟ ಪೆಟ್ಟಿಗೆಗೂ ಇದೇ ತೊಂದರೆ. ನೊಣಗಳಿಗೆ ಹಿತವಾದ ಆ ಚುಕ್ಕೆಚುಕ್ಕೆ ನೆರಳು ಕ್ಯಾಮೆರಾಗೆ ಅತ್ಯಂತ ಕೆಟ್ಟ ಜಾಗ.

ಕ್ಯಾಮೆರಾವನ್ನು ಹಲಗೆಯ ನೇರ ಮೇಲಿನಿಂದ ಕೆಳಮುಖವಾಗಿ ಇಡಬೇಕು. ಎದುರಿನಿಂದ ಇಟ್ಟರೆ ಹತ್ತಿರದ ನೊಣ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದಲ್ಲದೆ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಜೊತೆಗೆ ಕ್ಯಾಮೆರಾವೇ ಹಾರುವ ದಾರಿಗೆ ಅಡ್ಡವಾಗುತ್ತದೆ. ಕ್ಯಾಮೆರಾದ ಕೋಲನ್ನು ಪೆಟ್ಟಿಗೆಗೆ ಕಟ್ಟದೆ ನೆಲಕ್ಕೆ ಹೂಳಬೇಕು, ಆದರೆ ಅದು ಪೆಟ್ಟಿಗೆಯನ್ನೂ ಅದರ ಸ್ಟ್ಯಾಂಡನ್ನೂ ಎಲ್ಲಿಯೂ ಮುಟ್ಟಬಾರದು. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ಇಟ್ಟಿರುತ್ತೇವಲ್ಲ, ಕ್ಯಾಮೆರಾದ ಕೋಲು ತಾಗಿದರೆ ಇರುವೆಗಳಿಗೆ ಅದೇ ಸೇತುವೆ.

ಈಗ ಜಾಡು ಹಿಡಿಯುವ ಕೆಲಸಕ್ಕೆ ಬರೋಣ. ಒಂದು ಚೌಕಟ್ಟಿನಲ್ಲಿ ನಾಲ್ಕು ನೊಣ, ಮುಂದಿನ ಚೌಕಟ್ಟಿನಲ್ಲೂ ನಾಲ್ಕು. ಯಾವುದು ಯಾವುದು? ನೊಣಗಳ ಮೈಮೇಲೆ ಗುರುತಿಲ್ಲ, ನೋಡಲು ಎಲ್ಲವೂ ಒಂದೇ. ಕಂಪ್ಯೂಟರಿಗೆ ಇರುವ ಸುಳಿವು ಜಾಗ ಮಾತ್ರ: ಹಿಂದೆ ಇದ್ದ ಜಾಗಕ್ಕೆ, ಅಥವಾ ಹಿಂದಿನ ವೇಗದಿಂದ ಊಹಿಸಿದ ಜಾಗಕ್ಕೆ, ಯಾವುದು ಹತ್ತಿರವೋ ಅದೇ ಈ ನೊಣ. ಎಲ್ಲ ಜೋಡಿಗಳ ಒಟ್ಟು ದೂರ ಆದಷ್ಟು ಕಡಿಮೆಯಾಗುವಂತೆ ಹೊಂದಿಸುವ ಗಣಿತವನ್ನು ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದರು. ಅದಕ್ಕೆ ಹಂಗೇರಿಯನ್ ವಿಧಾನ ಎಂದು ಹೆಸರು. ಇಂದಿಗೂ ಜಾಡು ಹಿಡಿಯುವ ಅನೇಕ ತಂತ್ರಾಂಶಗಳ ಒಳಗೆ ಇರುವುದು ಅದೇ. ಗುರುತಿಸುವ ಕೆಲಸಕ್ಕೆ ಹಿನ್ನೆಲೆ ಕಳೆಯುವ ಬದಲು ಚಿತ್ರಗಳನ್ನು ತೋರಿಸಿ ತರಬೇತಿ ಕೊಟ್ಟ ನರಜಾಲ ಎಂಬ ಬಗೆಯ ತಂತ್ರಾಂಶವನ್ನು ಬಳಸಿದರೂ ಜೋಡಿಸುವ ಈ ಹಂತವನ್ನು ತಪ್ಪಿಸಿಕೊಳ್ಳಲಾಗದು.

ಈ ಜೋಡಣೆ ಯಾವಾಗ ನಂಬಿಕೆಗೆ ಅರ್ಹ ಎಂಬುದಕ್ಕೆ ಸರಳವಾದ ಒಂದು ಅಳತೆಗೋಲಿದೆ. ಎರಡು ಚೌಕಟ್ಟುಗಳ ನಡುವೆ ನೊಣ ಸರಿಯುವ ದೂರವು ಅಕ್ಕಪಕ್ಕದ ನೊಣಗಳ ನಡುವಿನ ಅಂತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ಹೆಚ್ಚಾದರೆ ತನ್ನ ಹಳೆಯ ಜಾಗಕ್ಕಿಂತ ಇನ್ನೊಂದು ನೊಣದ ಹಳೆಯ ಜಾಗಕ್ಕೆ ಅದು ಹತ್ತಿರವಾಗಿಬಿಡಬಹುದು, ಜಾಡುಗಳು ಅದಲುಬದಲಾಗುತ್ತವೆ.

ಲೆಕ್ಕ ಹಾಕಿ ನೋಡೋಣ. ಮೆಲ್ಲಿಫೆರಾ ಜಾತಿಯ ಬಲವಾದ ಒಂದು ಪೆಟ್ಟಿಗೆಯಲ್ಲಿ ಬೆಳಗಿನ ಬಿರುಸಿನ ಹೊತ್ತು ನಿಮಿಷಕ್ಕೆ 60 ನೊಣ ಹೊರಡುತ್ತವೆ, 60 ಬಂದಿಳಿಯುತ್ತವೆ ಎಂದಿಟ್ಟುಕೊಳ್ಳಿ. ಒಟ್ಟು 120, ಅಂದರೆ ಸೆಕೆಂಡಿಗೆ ಎರಡು. ಪ್ರತಿ ನೊಣವೂ ಚೌಕಟ್ಟಿನಲ್ಲಿ ಸುಮಾರು ಎರಡು ಸೆಕೆಂಡ್ ಕಾಣಿಸಿದರೆ ಯಾವುದೇ ಕ್ಷಣದಲ್ಲಿ ಸರಾಸರಿ ನಾಲ್ಕು ನೊಣ ಕಣ್ಣಿಗೆ ಬೀಳುತ್ತವೆ. ಕ್ಯಾಮೆರಾ ನೋಡುವ ಜಾಗ 40 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದ ಎಂದರೆ 1000 ಚದರ ಸೆಂಟಿಮೀಟರಿನಲ್ಲಿ ನಾಲ್ಕು ನೊಣ. ಅವು ಅಡ್ಡಾದಿಡ್ಡಿ ಹರಡಿದ್ದರೆ ಒಂದರಿಂದ ಅದರ ಸಮೀಪದ ಇನ್ನೊಂದಕ್ಕೆ ಸರಾಸರಿ 8 ಸೆಂಟಿಮೀಟರ್. ಅದರ ಅರ್ಧ 4. ಹಾರಿ ಹೊರಟ ನೊಣದ ವೇಗ ಹಲಗೆಯ ಅಂಚಿನ ಬಳಿ ಸೆಕೆಂಡಿಗೆ ಎರಡು ಮೀಟರ್ ಎಂದು ಹಿಡಿದರೆ, ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊದಲ್ಲಿ ಅದು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ 6.7 ಸೆಂಟಿಮೀಟರ್ ಜಿಗಿಯುತ್ತದೆ. ನಾಲ್ಕನ್ನು ಮೀರಿತು, ಜೋಡಣೆ ಕೆಡುತ್ತದೆ. 60 ಚೌಕಟ್ಟಿನಲ್ಲಿ 3.3 ಸೆಂಟಿಮೀಟರ್. ಸರಾಸರಿಗೆ ಸಾಕು, ನೂಕುನುಗ್ಗಲಿಗೆ ಸಾಲದು. 120 ಇದ್ದರೆ ನೆಮ್ಮದಿ.

ಇದರಿಂದ ಮೊಬೈಲನ್ನು ಹೇಗೆ ಹೊಂದಿಸಬೇಕು ಎಂಬುದು ತಾನಾಗಿ ಹೊರಡುತ್ತದೆ. ಚಿತ್ರ ಎಷ್ಟು ಸ್ಪಷ್ಟ ಎಂಬುದಕ್ಕಿಂತ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು ಇಲ್ಲಿ ಮುಖ್ಯ. 40 ಸೆಂಟಿಮೀಟರ್ ಅಗಲವನ್ನು 1280 ಚುಕ್ಕೆಗಳಲ್ಲಿ ಹಿಡಿದರೂ 1.2 ಸೆಂಟಿಮೀಟರಿನ ನೊಣಕ್ಕೆ 38 ಚುಕ್ಕೆ ಸಿಗುತ್ತವೆ, ಅಷ್ಟು ಧಾರಾಳವಾಯಿತು. ಹಾಗಾಗಿ ದೊಡ್ಡ ಚಿತ್ರದ ಆಸೆ ಬಿಟ್ಟು 60 ಅಥವಾ 120 ಚೌಕಟ್ಟಿಗೆ ಹೊಂದಿಸಬೇಕು. ಜೊತೆಗೆ ಷಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಕೈಯಾರೆ ಕಟ್ಟಿಹಾಕಬೇಕು. ಆಗ ಎರಡು ಮೀಟರ್ ವೇಗದ ನೊಣ ಎರಡು ಮಿಲಿಮೀಟರಷ್ಟೇ ಕದಡುತ್ತದೆ. ಮೊಬೈಲಿನ ಇಚ್ಛೆಗೆ ಬಿಟ್ಟು ಅದು ಅರವತ್ತರ ಒಂದು ಭಾಗ ತೆರೆದರೆ, ಅದೇ ನೊಣ ತನ್ನ ಮೈಯ ಸುಮಾರು ಮೂರು ಪಟ್ಟು ಉದ್ದದ ಮಸುಕು ಗೆರೆಯಾಗಿ ಹಲಗೆಯ ಬಣ್ಣದಲ್ಲಿ ಕರಗಿಹೋಗುತ್ತದೆ. ಹಿನ್ನೆಲೆ ಕಳೆಯುವ ಲೆಕ್ಕಕ್ಕೆ ಅಂಥ ನೊಣ ಕಾಣಿಸುವುದೇ ಇಲ್ಲ.

ಇಲ್ಲಿಂದ ಮುಂದೆ ಬರುವ ವಿಷಯವೇ ಎರಡನೆಯ ಪ್ರಶ್ನೆಯ ಉತ್ತರವನ್ನು ಸುಳ್ಳಾಗಿಸುವುದು. ಹೊರಡುವ ನೊಣ ಮತ್ತು ಮರಳುವ ನೊಣ ಒಂದೇ ರೀತಿ ಹಾರುವುದಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಆಸ್ಟ್ರೇಲಿಯಾದಲ್ಲಿ ಜೇನುನೊಣಗಳ ಹಾರಾಟವನ್ನು ಅಧ್ಯಯನ ಮಾಡಿದ ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳು ನೊಣ ಇಳಿಯುವ ಬಗೆಯನ್ನು ಬಿಡಿಸಿಟ್ಟವು. ಕಣ್ಣ ಮುಂದೆ ನೆಲ ಹಿಂದೆ ಸರಿಯುವ ವೇಗ ಒಂದೇ ಸಮನಾಗಿ ತೋರುವಂತೆ ನೊಣ ನೋಡಿಕೊಳ್ಳುತ್ತದೆ. ನೆಲ ಹತ್ತಿರವಾದಷ್ಟೂ ಹಾರುವ ವೇಗ ತಾನಾಗಿ ತಗ್ಗುತ್ತದೆ, ಮುಟ್ಟುವ ಹೊತ್ತಿಗೆ ಬಹುತೇಕ ನಿಂತಂತಾಗಿರುತ್ತದೆ. ಆದ್ದರಿಂದ ಮರಳುವ ನೊಣ ಕ್ಯಾಮೆರಾ ಮುಂದೆ ನಿಧಾನ. ಕುಳಿತ ಮೇಲೆ ಹಲಗೆಯ ಮೇಲೆ ನಡೆದು ಒಳಗೆ ಹೋಗುತ್ತದೆ, ಹತ್ತಾರು ಚೌಕಟ್ಟುಗಳಲ್ಲಿ ನಿಚ್ಚಳವಾಗಿ ಸಿಗುತ್ತದೆ. ಹೊರಡುವ ನೊಣಕ್ಕೆ ಅಂಥ ತಾಳ್ಮೆಯಿಲ್ಲ. ಬಾಗಿಲಿಂದ ಎರಡು ಹೆಜ್ಜೆ ಇಟ್ಟು ಚಿಮ್ಮಿದರೆ ಮುಗಿಯಿತು. ಹೀಗಾಗಿ ಯಾವುದೇ ಕ್ಯಾಮೆರಾ ಒಳಬರುವವನ್ನು ಹೆಚ್ಚು ಹಿಡಿಯುತ್ತದೆ, ಹೊರಹೋಗುವವನ್ನು ಹೆಚ್ಚು ಕಳೆದುಕೊಳ್ಳುತ್ತದೆ.

ಇದು ಎಣಿಕೆಯನ್ನು ಎಷ್ಟು ಕೆಡಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಪೂರ್ತಿ ನಡೆಸಿ ನೋಡಬೇಕು. ಐದು ನಿಮಿಷದ ಒಂದು ತುಣುಕನ್ನು ತೆಗೆದುಕೊಂಡು ನಿಧಾನಗತಿಯಲ್ಲಿ ಓಡಿಸಿ ಇಬ್ಬರು ಬೇರೆಬೇರೆಯಾಗಿ ಕೂತು ಎಣಿಸಿದರು ಎನ್ನಿ. ಇಬ್ಬರ ಲೆಕ್ಕ ಹೊಂದಿಕೆಯಾಗದ ಕಡೆ ಮತ್ತೆ ನೋಡಿ ಒಪ್ಪಿಕೊಂಡ ಸಂಖ್ಯೆ: ಹೊರಗೆ 212, ಒಳಗೆ 198. ಅದೇ ತುಣುಕಿಗೆ ಕಂಪ್ಯೂಟರ್ ಕೊಟ್ಟದ್ದು ಹೊರಗೆ 187, ಒಳಗೆ 194. ಹೊರಹೋದವುಗಳಲ್ಲಿ ನೂರಕ್ಕೆ 88, ಒಳಬಂದವುಗಳಲ್ಲಿ ನೂರಕ್ಕೆ 98 ಅದರ ಕೈಗೆ ಸಿಕ್ಕಿವೆ. ಮೊದಲ ನೋಟಕ್ಕೆ ಕೆಟ್ಟ ಫಲಿತಾಂಶವೇನಲ್ಲ.

ಅದೇ ಏರ್ಪಾಡಿನಲ್ಲಿ ಇಡೀ ದಿನ ಎಣಿಸಿದಾಗ ಹೊರಗೆ 14,200, ಒಳಗೆ 15,700 ಬಂತು ಎಂದುಕೊಳ್ಳಿ. ಅಂದರೆ ಬೆಳಗ್ಗೆ ಹೋದದ್ದಕ್ಕಿಂತ 1,500 ನೊಣ ಹೆಚ್ಚಾಗಿ ಸಂಜೆ ಮನೆ ಸೇರಿವೆ! ಔಷಧ ಹೊಡೆದ ದಿನ ಈ ಅಂಕಿ ಬಂದರೆ ಒಂದು ನೊಣಕ್ಕೂ ಅಪಾಯವಾಗಲಿಲ್ಲ ಎಂದು ಓದಿಕೊಳ್ಳುವವರಿದ್ದಾರೆ. ಈಗ ತುಣುಕಿನಿಂದ ತಿಳಿದ ಪ್ರಮಾಣದಿಂದ ತಿದ್ದೋಣ. 14,200ನ್ನು 0.882ರಿಂದ ಭಾಗಿಸಿದರೆ ಸುಮಾರು 16,100, 15,700ನ್ನು 0.98ರಿಂದ ಭಾಗಿಸಿದರೆ ಸುಮಾರು 16,020. ಹೆಚ್ಚುವರಿ ಹೋಗಿ 80 ನೊಣಗಳ ನಷ್ಟವಾಯಿತು.

ಈ 80 ಎಂಬ ಅಂಕಿ ನಂಬುವಂಥದ್ದೇ? ಅಲ್ಲ. ನೂರಕ್ಕೆ 88 ಎಂಬ ಪ್ರಮಾಣವನ್ನು ನಾವು ಕೇವಲ 212 ನೊಣಗಳಿಂದ ಕಂಡುಕೊಂಡಿದ್ದೇವೆ. ಇನ್ನೊಂದು ಐದು ನಿಮಿಷದ ತುಣುಕು ತೆಗೆದಿದ್ದರೆ ಅದು 86 ಅಥವಾ 90 ಎಂದು ಬರಬಹುದಿತ್ತು. ಸಂಭವನೀಯತೆಯ ಲೆಕ್ಕದಂತೆ ಅದರ ಸಹಜ ಓಲಾಟ ಎರಡಕ್ಕಿಂತ ತುಸು ಹೆಚ್ಚು. ಹದಿನಾರು ಸಾವಿರದ ಮೇಲೆ ಆ ಓಲಾಟ ಸುಮಾರು 400 ನೊಣಗಳಾಗುತ್ತದೆ. ಬಲವಾದ ಕುಟುಂಬದಲ್ಲಿ ಹೂವಿನ ಕಾಲದಲ್ಲಿ ಮುದಿಯಾದ ನೊಣಗಳು ದಿನಕ್ಕೆ ನೂರಾರು ಸಂಖ್ಯೆಯಲ್ಲಿ ಹೊರಗೆ ಸಾಯುವುದು ಸಹಜ. ಆ ಸಹಜ ಸಾವಿನ ಮೇಲೆ ಔಷಧದಿಂದ ಹೆಚ್ಚಾಗಿ ಸತ್ತವೆಷ್ಟು ಎಂದು ಕೇಳುತ್ತಿದ್ದೇವೆ, ಆದರೆ ನಮ್ಮ ತಕ್ಕಡಿಯ ಮುಳ್ಳೇ 400ರಷ್ಟು ಆಚೀಚೆ ಆಡುತ್ತಿದೆ. ಈ ಓಲಾಟವನ್ನು ನೂರು ನೊಣಗಳಿಗೆ ಇಳಿಸಬೇಕಾದರೆ ಕೈಯಾರೆ ಎಣಿಸಿದ ನೊಣಗಳು ಹದಿನಾರು ಪಟ್ಟು ಹೆಚ್ಚಬೇಕು, ಐದು ನಿಮಿಷದ ಬದಲು 80 ನಿಮಿಷದ ವಿಡಿಯೊವನ್ನು ನಿಧಾನಗತಿಯಲ್ಲಿ ಕಣ್ಣಿಟ್ಟು ನೋಡಬೇಕು. ಅಷ್ಟು ಮಾಡಿದರೂ ಪ್ರಮಾಣವು ದಿನವಿಡೀ ಒಂದೇ ಆಗಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಪ್ರಮಾಣ ಹಾಗೆ ಒಂದೇ ಆಗಿರುವುದಿಲ್ಲ ಎಂಬುದನ್ನು ಮುಂದೆ ನೋಡುತ್ತೇವೆ.

ಆದ್ದರಿಂದ ಸಾವಿನ ಪ್ರಶ್ನೆಗೆ ನನ್ನ ಸಲಹೆ ಕ್ಯಾಮೆರಾ ಅಲ್ಲ. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಪ್ರತಿದಿನ ಒಂದೇ ಹೊತ್ತಿಗೆ ಸತ್ತ ನೊಣಗಳನ್ನು ಎಣಿಸುವುದು ಇದಕ್ಕಿಂತ ಪ್ರಾಮಾಣಿಕ. ಹೊಲದಲ್ಲೇ ಸತ್ತವು ಅದರಲ್ಲಿ ಸಿಗುವುದಿಲ್ಲ, ಇರುವೆಗಳೂ ಹಕ್ಕಿಗಳೂ ತಮ್ಮ ಪಾಲು ಒಯ್ಯುತ್ತವೆ. ಆದರೂ ಔಷಧ ಹೊಡೆಯುವ ಹಿಂದಿನ ಕೆಲವು ದಿನಗಳಲ್ಲಿ ಕಾಣುತ್ತಿದ್ದ ಸಂಖ್ಯೆ ಹೊಡೆದ ಮರುದಿನ ಹಲವು ಪಟ್ಟು ಏರಿದರೆ ಅದರಲ್ಲಿ ಸಂಶಯಕ್ಕೆ ಎಡೆ ಇಲ್ಲ.

ಹಾಗಾದರೆ ಕ್ಯಾಮೆರಾ ಎಣಿಕೆಯಿಂದ ಏನು ಪ್ರಯೋಜನ? ಹೊತ್ತಿನ ಪ್ರಶ್ನೆಗೆ ಅದು ಚೆನ್ನಾಗಿ ಉತ್ತರಿಸುತ್ತದೆ. ನೂರಕ್ಕೆ ಹನ್ನೆರಡು ತಪ್ಪಿದರೂ ಬೆಳಗ್ಗೆ ಏಳರಲ್ಲಿ ನಿಮಿಷಕ್ಕೆ 10 ಇದ್ದ ಓಡಾಟ ಹತ್ತು ಗಂಟೆಗೆ 60ಕ್ಕೆ ಏರಿತೆಂಬುದು ಸುಳ್ಳಾಗುವುದಿಲ್ಲ. ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸವನ್ನು ಕೇಳಿದಾಗ ಸಣ್ಣ ತಪ್ಪು ದೊಡ್ಡದಾಗುತ್ತದೆ; ಒಂದೇ ಸಂಖ್ಯೆಯ ಏರಿಳಿತವನ್ನು ಕೇಳಿದಾಗ ಆ ತಪ್ಪು ಸಣ್ಣದಾಗಿಯೇ ಉಳಿಯುತ್ತದೆ. ಯಾವ ಗಂಟೆಯಲ್ಲಿ ಓಡಾಟ ನಿಂತುಹೋಗುತ್ತದೆ, ಮೋಡ ಕವಿದ ದಿನ ಎಷ್ಟು ತಡವಾಗಿ ಶುರುವಾಗುತ್ತದೆ, ನಡುಮಧ್ಯಾಹ್ನದ ಬಿಸಿಲಿಗೆ ಎಷ್ಟು ಹೊತ್ತು ತಗ್ಗುತ್ತದೆ ಎಂಬುದೆಲ್ಲ ಕೆಲವು ದಿನಗಳ ವಿಡಿಯೊದಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಔಷಧ ಹೊಡೆಯುವ ಹೊತ್ತನ್ನು ಗೊತ್ತುಮಾಡಲು ಬೇಕಾದದ್ದು ಅಷ್ಟೇ.

ಇದಕ್ಕೆ ಇಡೀ ದಿನ ರೆಕಾರ್ಡ್ ಮಾಡಬೇಕಾಗಿಯೂ ಇಲ್ಲ. ಪ್ರತಿ ಅರ್ಧ ಗಂಟೆಗೆ ಐದು ನಿಮಿಷ ಸಾಕು; ಅದರಿಂದ ಮೊಬೈಲಿನ ಜಾಗವೂ ಉಳಿಯುತ್ತದೆ, ಬಿಸಿಲಿಗೆ ಕಾದು ಅದು ತಾನಾಗಿ ಬಂದಾಗುವುದೂ ತಪ್ಪುತ್ತದೆ. ಒಂದೆರಡು ನಿಮಿಷಕ್ಕೆ ಇಳಿಸಬೇಡಿ, ಏಕೆಂದರೆ ನೊಣಗಳು ಒಂದೇ ಸಮನಾಗಿ ಹೊರಡುವುದಿಲ್ಲ, ಅಲೆಯಲೆಯಾಗಿ ಹೊರಡುತ್ತವೆ.

ಏನನ್ನು ಒಂದು ಎಂದು ಎಣಿಸಬೇಕು ಎಂಬುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಬಾಗಿಲ ಮುಂದೆ ಒಂದು ಗೆರೆ ಎಳೆದು ಅದನ್ನು ದಾಟಿದವನ್ನೆಲ್ಲ ಎಣಿಸುವ ತಂತ್ರಾಂಶಗಳು ಬಹಳ ಇವೆ. ಜೇನುಪೆಟ್ಟಿಗೆಗೆ ಅದು ಹೊಂದುವುದಿಲ್ಲ. ಮಧ್ಯಾಹ್ನದ ಹೊತ್ತು ಮೊದಲ ಬಾರಿಗೆ ಹೊರಬರುವ ಎಳೆಯ ನೊಣಗಳು ಪೆಟ್ಟಿಗೆಗೆ ಮುಖ ಮಾಡಿ, ಎಡಕ್ಕೂ ಬಲಕ್ಕೂ ತೂಗಾಡುತ್ತ, ಮನೆಯ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತವೆ. ಆ ಹತ್ತಿಪ್ಪತ್ತು ನಿಮಿಷಗಳಲ್ಲಿ ಒಂದೊಂದು ನೊಣವೂ ಗೆರೆಯನ್ನು ಮತ್ತೆಮತ್ತೆ ದಾಟುತ್ತದೆ. ಕಾವಲುನೊಣ ಗೆರೆಯ ಮೇಲೆಯೇ ಅತ್ತಿಂದಿತ್ತ ನಡೆಯುತ್ತದೆ. ಅದರ ಬದಲು ಎರಡು ವಲಯ ಗುರುತಿಸಿ: ಬಾಗಿಲಿನ ಸೀಳು ಒಂದು, ಚಿತ್ರದ ಹೊರ ಅಂಚು ಇನ್ನೊಂದು. ಅಂಚಿನಲ್ಲಿ ಹುಟ್ಟಿ ಬಾಗಿಲಲ್ಲಿ ಮುಗಿದ ಜಾಡು ಮಾತ್ರ ಒಳಬಂದದ್ದು. ಬಾಗಿಲಲ್ಲಿ ಹುಟ್ಟಿ ಅಂಚಿನಲ್ಲಿ ಮುಗಿದದ್ದು ಮಾತ್ರ ಹೊರಹೋದದ್ದು. ಅಂಚಿನಿಂದ ಬಂದು ಅಂಚಿಗೇ ಹೋದದ್ದು ತೂಗಾಡುವ ಎಳೆಯ ನೊಣವೋ, ದಾರಿಹೋಕ ಕಣಜವೋ ಇರಬಹುದು, ಅದನ್ನು ಬಿಟ್ಟುಬಿಡಿ.

ಈ ನಿಯಮದಿಂದ ಇನ್ನೊಂದು ಅನುಕೂಲ ಸಿಗುತ್ತದೆ: ಎಣಿಕೆಯನ್ನೇ ಪರೀಕ್ಷಿಸಬಹುದು. ಹಲಗೆಯ ನಡುವೆ ಹುಟ್ಟಿದ ಅಥವಾ ನಡುವೆಯೇ ಕಡಿದುಹೋದ ಜಾಡುಗಳು ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ಬರೆದಿಡಿ. ನೊಣಗಳು ಗಾಳಿಯಲ್ಲಿ ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ. ಆದ್ದರಿಂದ ಕಡಿದ ಜಾಡು ಎಂದರೆ ಕಂಪ್ಯೂಟರ್ ಕೈತಪ್ಪಿಸಿಕೊಂಡ ನೊಣ. ಬೆಳಗ್ಗೆ ಕೆಲವೇ ಇದ್ದ ಕಡಿದ ಜಾಡುಗಳು ಹನ್ನೊಂದು ಗಂಟೆಗೆ ಪೂರ್ಣ ಜಾಡುಗಳಷ್ಟೇ ಆದರೆ ಆ ಗಂಟೆಯ ಎಣಿಕೆಯನ್ನು ನಂಬಬಾರದು. ಕುಳಿತ ನೊಣ ಕೂಡ ಇಂಥ ಜಾಡಿಗೆ ಕಾರಣವಾಗುತ್ತದೆ. ಹಿನ್ನೆಲೆ ಕಲಿಯುವ ವಿಧಾನಕ್ಕೆ ಅಲುಗಾಡದೆ ನಿಂತದ್ದೆಲ್ಲ ಬೇಗನೆ ಹಿನ್ನೆಲೆಯೇ ಆಗಿಬಿಡುತ್ತದೆ. ನೊಣ ಹಲಗೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಅದು ಕಣ್ಮರೆಯಾಗಿ, ಹೊರಟಾಗ ಹೊಸ ನೊಣವಾಗಿ ಹುಟ್ಟುತ್ತದೆ. ಕಲಿಯುವ ವೇಗವನ್ನು `learningRate` ಎಂಬ ಅಂಕಿಯಿಂದ ತಗ್ಗಿಸಬಹುದು. ತೀರಾ ತಗ್ಗಿಸಿದರೆ ಬಿಸಿಲು ಬದಲಾದಾಗ ಇಡೀ ಹಲಗೆಯೇ ನೊಣವಾಗಿ ಕಾಣುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಸರಳ, ಆದರೆ ಅದಕ್ಕೆ ಒಂದು ದಿನವಾದರೂ ಬಿಡದೆ ಎಣಿಸಿರಬೇಕು. ಬೆಳಗಿನಿಂದ ಹೊರಹೋದವುಗಳ ಮೊತ್ತದಿಂದ ಒಳಬಂದವುಗಳ ಮೊತ್ತವನ್ನು ಕಳೆಯುತ್ತ ಹೋಗಿ ಗ್ರಾಫ್ ಬರೆಯಿರಿ. ಅದು ಆ ಕ್ಷಣ ಹೊರಗಿರುವ ನೊಣಗಳ ಸಂಖ್ಯೆ. ಬೆಳಗ್ಗೆ ಸೊನ್ನೆಯಿಂದ ಏರಬೇಕು, ಸಂಜೆ ಮತ್ತೆ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಹೊರಗೆ ಇರುವವು ಸೊನ್ನೆಗಿಂತ ಕಡಿಮೆಯಾಗಲು ಸಾಧ್ಯವಿಲ್ಲ. ಗ್ರಾಫ್ ಮಧ್ಯಾಹ್ನದ ಹೊತ್ತಿಗೇ ಸೊನ್ನೆಯ ಕೆಳಗೆ ಧುಮುಕಿದರೆ ಹೊರಹೋಗುವ ನೊಣಗಳು ತಪ್ಪುತ್ತಿವೆ ಎಂದು ಖಚಿತ. ಸಂಜೆ ಸೊನ್ನೆಗೆ ಬರದೆ ಮೇಲೆಯೇ ನಿಂತರೆ ಸಾವಿನ ನಿರ್ಧಾರಕ್ಕೆ ಬರುವ ಮೊದಲು ಒಂದು ವಿಷಯ ನೋಡಬೇಕು: ಬೆಳಕು ಕಡಿಮೆಯಾದಂತೆ ಅನೇಕ ಮೊಬೈಲುಗಳು ಹೇಳದೆ ಕೇಳದೆ ಸೆಕೆಂಡಿನ ಚೌಕಟ್ಟುಗಳನ್ನು ಇಳಿಸುತ್ತವೆ. 60 ಎಂದು ಹೊಂದಿಸಿದ್ದು ಮುಸ್ಸಂಜೆಗೆ 30 ಆಗಿರುತ್ತದೆ, ನೊಣಗಳು ಗುಂಪಾಗಿ ಮರಳುವ ಹೊತ್ತೂ ಅದೇ. ಕಡತದಲ್ಲಿ ಪ್ರತಿ ಚೌಕಟ್ಟಿನ ಸಮಯವನ್ನು ಓದಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಕೈ ಎಣಿಕೆಯ ತುಣುಕುಗಳನ್ನು ಒಂದೇ ಹೊತ್ತಿನಿಂದ ಆರಿಸಲೂಬಾರದು, ಏಕೆಂದರೆ ಕ್ಯಾಮೆರಾ ಹಿಡಿಯುವ ಪ್ರಮಾಣ ದಿನವಿಡೀ ಒಂದೇ ಆಗಿರುವುದಿಲ್ಲ. ನೊಣಗಳು ಹೆಚ್ಚಾದಷ್ಟೂ ಅಂತರ ಕಡಿಮೆಯಾಗುತ್ತದೆ, ಎರಡು ಸೇರಿ ಒಂದೇ ಗುಡ್ಡೆಯಂತೆ ಕಾಣುತ್ತವೆ, ಜಾಡುಗಳು ಅದಲುಬದಲಾಗುತ್ತವೆ. ಆದ್ದರಿಂದ ಬಿರುಸಿನ ಹೊತ್ತಿನಲ್ಲಿ ಕ್ಯಾಮೆರಾ ಹೆಚ್ಚು ಕಳೆದುಕೊಳ್ಳುತ್ತದೆ, ಸಪ್ಪೆಯ ಹೊತ್ತಿನಲ್ಲಿ ಕಡಿಮೆ. ಇದರ ಪರಿಣಾಮ ದಿನದ ಗ್ರಾಫಿನ ಶಿಖರ ಮೊಂಡಾಗುವುದು. ನಸುಕಿನ, ಬಿರುಸಿನ, ಮುಸ್ಸಂಜೆಯ ತುಣುಕುಗಳನ್ನು ಬೇರೆಬೇರೆಯಾಗಿ ಎಣಿಸಿ ಪ್ರತಿ ಹೊತ್ತಿಗೂ ಅದರದೇ ತಿದ್ದುಪಡಿ ಹಾಕಿದರೆ ಶಿಖರ ತನ್ನ ಎತ್ತರಕ್ಕೆ ಮರಳುತ್ತದೆ.

ಬೇಸಿಗೆಯಲ್ಲಿ ಇದೆಲ್ಲ ಕೆಲಸಕ್ಕೆ ಬರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಒಳಗಿನ ಕಾವು ತಾಳದೆ ನೊಣಗಳು ಬಾಗಿಲ ಹೊರಗೆ ಗೊಂಚಲಾಗಿ ಜೋತುಬೀಳುತ್ತವೆ. ಕೆಲವು ಬಾಗಿಲಲ್ಲಿ ನಿಂತು ರೆಕ್ಕೆಯಿಂದ ಗಾಳಿ ಬೀಸುತ್ತವೆ. ಹಲಗೆಯ ಮೇಲೆ ಜಾಗವೇ ಕಾಣದ ಅಂಥ ದಿನಗಳಲ್ಲಿ ಬಾಗಿಲು ಎಲ್ಲಿದೆ ಎಂಬುದೇ ಕ್ಯಾಮೆರಾಗೆ ತಿಳಿಯುವುದಿಲ್ಲ. ಎಣಿಕೆಯನ್ನು ಬಿಟ್ಟು ಪೆಟ್ಟಿಗೆಗೆ ನೆರಳು, ಹತ್ತಿರದಲ್ಲಿ ನೀರು ಒದಗಿಸುವುದೇ ಸರಿ.

ನೊಣದ ವೇಗವೇ ತೊಂದರೆಯ ಮೂಲವಾದ್ದರಿಂದ ಅದನ್ನು ನಡೆಸಿಕೊಂಡೇ ಒಳಬಿಡುವ ಉಪಾಯ ಹಳೆಯದು. ಎ. ಇ. ಲಂಡಿ ಅವರು ನೊಣಗಳನ್ನು ಕಿರಿದಾದ ಓಣಿಗಳ ಮೂಲಕ ಹಾಯಿಸಿ ವಿದ್ಯುತ್ ಸಾಧನದಿಂದ ಎಣಿಸಿದ ಅಧ್ಯಯನವನ್ನು ಅಮೆರಿಕದ ಕೃಷಿ ಇಲಾಖೆ 1925ರಲ್ಲಿಯೇ ಪ್ರಕಟಿಸಿತ್ತು. ಕ್ಯಾಮೆರಾಗೆ ಇದರ ಇಂದಿನ ರೂಪ ಹಲಗೆಯ ಮೇಲೆ ನೊಣ ನಿಂತು ನಡೆಯುವಷ್ಟೇ ಎತ್ತರದಲ್ಲಿ ಪಾರದರ್ಶಕ ಅಕ್ರಿಲಿಕ್ ಹಾಳೆ ಹೊದಿಸುವುದು. ಹಾರಲು ಆಗದೆ ನೊಣ ನಡೆಯುತ್ತದೆ, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಸರಿಯುತ್ತದೆ, ಒಂದರ ಮೇಲೊಂದು ಏರುವುದೂ ಇಲ್ಲ. 30 ಚೌಕಟ್ಟಿನ ಸಾಧಾರಣ ಕ್ಯಾಮೆರಾಗೂ ಜಾಡು ತಪ್ಪುವುದಿಲ್ಲ, ಒಳ–ಹೊರಗಿನ ವೇಗದ ಭೇದವೂ ಬಹಳಷ್ಟು ಅಳಿಯುತ್ತದೆ. ಆದರೆ ಬಿರುಸಿನ ಹೊತ್ತಿನಲ್ಲಿ ಅಲ್ಲಿ ಇಕ್ಕಟ್ಟಾಗುತ್ತದೆ, ಗಾಳಿಯಾಟ ಕುಗ್ಗುತ್ತದೆ, ಮರಳಿ ಬಂದ ನೊಣಗಳು ಹೊಸ ಬಾಗಿಲನ್ನು ಕಲಿಯುವವರೆಗೆ ಹಾಳೆಯ ಮೇಲೆ ಸುತ್ತುತ್ತವೆ. ಅವು ರೂಢಿಸಿಕೊಳ್ಳುವವರೆಗಿನ ದಿನಗಳ ಎಣಿಕೆಯನ್ನು ಬಳಸಬಾರದು. ತೋಟದಲ್ಲಿ ದುಡಿಯಲು ತಂದ ಪೆಟ್ಟಿಗೆಗೆ ನಾನು ಇದನ್ನು ಹಾಕುವುದಿಲ್ಲ. ಅಧ್ಯಯನಕ್ಕೆಂದೇ ಇಟ್ಟ ಪೆಟ್ಟಿಗೆಗೆ ಹಾಕಬಹುದು.

ಬಾಗಿಲ ಎಣಿಕೆ ಹೇಳದ ಇನ್ನೊಂದು ಮಾತೂ ಇದೆ: ನೊಣ ಎಲ್ಲಿಗೆ ಹೋಯಿತು ಎಂಬುದು. ನಿಮಿಷಕ್ಕೆ 60 ನೊಣ ಹೊರಟರೂ ಅವೆಲ್ಲ ಪಕ್ಕದ ಹೊಲದ ಸೂರ್ಯಕಾಂತಿಗೆ ಹೋಗುತ್ತಿರಬಹುದು. ನಿಮ್ಮ ದಾಳಿಂಬೆಗೆ ಎಷ್ಟು ಬಂದವು ಎಂದು ತಿಳಿಯಲು ಗಿಡದ ಬಳಿ ನಿಂತು ಹೂವುಗಳನ್ನೇ ನೋಡಬೇಕು.

ಕೊನೆಗೆ ಎರಡು ಪೆಟ್ಟಿಗೆಗಳನ್ನು ಹೋಲಿಸುವ ಬಗ್ಗೆ. ಒಂದರ ಮುಂದೆ ಒಂದು ಮೊಬೈಲ್, ಇನ್ನೊಂದರ ಮುಂದೆ ಇನ್ನೊಂದು. ಒಂದರಲ್ಲಿ ಓಡಾಟ ನೂರಕ್ಕೆ ಹದಿನೈದು ಹೆಚ್ಚು ಕಂಡಿತು. ಅದು ಕುಟುಂಬದ ಬಲವೇ, ಮೊಬೈಲಿನ ಕಣ್ಣೇ? ಎರಡು ಕ್ಯಾಮೆರಾಗಳು ನೊಣ ಕಳೆದುಕೊಳ್ಳುವ ಪ್ರಮಾಣವೇ ಹದಿನೈದರಷ್ಟು ಬೇರೆಯಿರಬಹುದು. ಅದಕ್ಕೆ ನಾಲ್ಕು ದಿನ ಹೀಗೇ ಬಿಟ್ಟು, ಐದನೆಯ ದಿನ ಪೆಟ್ಟಿಗೆಗಳನ್ನು ಮುಟ್ಟದೆ ಕ್ಯಾಮೆರಾಗಳನ್ನು ಮಾತ್ರ ಅದಲುಬದಲು ಮಾಡಿ ಇನ್ನೂ ನಾಲ್ಕು ದಿನ ಎಣಿಸಿ. ಹೆಚ್ಚಳ ಕ್ಯಾಮೆರಾದ ಬೆನ್ನು ಹತ್ತಿ ಹೋದರೆ ಅದು ಕ್ಯಾಮೆರಾದ್ದು. ಪೆಟ್ಟಿಗೆಯಲ್ಲೇ ಉಳಿದರೆ ನೊಣಗಳದ್ದು.